ಬಾಣಂತಿಗೆ ನಿದ್ದೆ, ಕೂಸಿಗೆ ಎಚ್ಚರ: ರಾತ್ರಿ ಗುಳಿಗೆಯ ಲೆಕ್ಕ

ಬಾಣಂತಿಗೆ ನಿದ್ದೆ ಬರಿಸುವ ಗುಳಿಗೆ ಬರೆದ ದಿನವೇ ಎದೆಹಾಲು ಬಿಡಿಸಿ ಅನ್ನುವುದು ನಮ್ಮ ಕಡೆಯ ರೂಢಿ. ಮಕ್ಕಳ ಡಾಕ್ಟರು ಹೇಳುತ್ತಾರೆ, ಹೆರಿಗೆ ಡಾಕ್ಟರು ಹೇಳುತ್ತಾರೆ, ಗುಳಿಗೆ ಕೊಡುವ ಮೆಡಿಕಲ್ ಅಂಗಡಿಯವರೂ ಹೇಳಿ ಕಳಿಸುತ್ತಾರೆ. ನಾನು ಹಾಲನ್ನೂ ಬಿಡಿಸದೆ, ಗುಳಿಗೆಯನ್ನೂ ಬಿಡಿಸದೆ ನಡೆಸುತ್ತೇನೆ ಅಂದಾಗ ಶಿವಮೊಗ್ಗದ ಒಬ್ಬ ಹಿರಿಯ ಸಹೋದ್ಯೋಗಿ, "ಮಗು ಮಂಕಾದ್ರೆ ಮನೆಯವ್ರು ನಿನ್ನ ಕ್ಲಿನಿಕ್ ಮುಂದೆ ಬಂದು ಕೂರ್ತಾರೆ, ನೋಡ್ಕೋ" ಅಂದಿದ್ದರು. ಈಗ ಅವರೇ ತಮ್ಮ ಪೇಶಂಟುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲು ಸೋತಿದ್ದನ್ನು ಹೇಳುತ್ತೇನೆ. ಹಾಲು ಬಿಡಿಸಿ ಪುಡಿ ಹಾಲು ಕೊಡಿಸುವ ದಾರಿ ನಮ್ಮ ಹಳ್ಳಿಗಳಲ್ಲಿ ಎರಡು ವಾರವೂ ನಡೆಯಲಿಲ್ಲ. ತಿಂಗಳಿಗೆ ಮೂರು ಸಾವಿರದ ಆಸುಪಾಸು ಪುಡಿಗೇ ಬೇಕು. ಅಡಿಕೆ ಸುಲಿಯಲು ಹೋಗುವ ಮನೆಗಳಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ನಾಲ್ಕು ಚಮಚದ ಜಾಗದಲ್ಲಿ ಎರಡು ಹಾಕಿ ನೀರು ಮಾಡಿ ಕುಡಿಸುತ್ತಿದ್ದರು, ಮಗುವಿನ ತೂಕ ನಿಂತುಹೋಗುತ್ತಿತ್ತು. ಇತ್ತ ತಾಯಿಗೆ ಎದೆ ಕಲ್ಲಾಗಿ ಜ್ವರ. ಅತ್ತೆಯ ಮುಖ ನೋಡಲಾರದೆ ಆಕೆ ಗುಳಿಗೆಯನ್ನೇ ಕದ್ದು ಬಿಸಾಡುತ್ತಿದ್ದಳು. ಮತ್ತೆ ನಿದ್ದೆ ಇಲ್ಲ, ಮತ್ತೆ ಕಾಯಿಲೆ. ಆಮೇಲೆ ಕರೆಂಟಿನ ಪಂಪು ತರಿಸಿದೆ, ಮೂರು ಸಾವಿರವೋ ಮೂರೂವರೆಯೋ ಕೊಟ್ಟೆ. ಆಷಾಢದ ಮಳೆಯಲ್ಲಿ ಹೊಸನಗರದ ಒಳಹಳ್ಳಿಗಳಲ್ಲಿ ಕರೆಂಟು ಇದ್ದರೆ ತಾನೆ? ಅದು ಇವತ್ತಿಗೂ ಕ್ಲಿನಿಕ್ಕಿನ ಬೀರುವಿನಲ್ಲಿದೆ.

ದಾರಿ ಸಿಕ್ಕಿದ್ದು ಹೊಸನಗರದ ಒಬ್ಬ ಹೆಣ್ಣುಮಗಳ ಎರಡನೇ ಬಾಣಂತನದಲ್ಲಿ. ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆ. ಮೊದಲ ಹೆರಿಗೆಯಾಗಿ ಮೂರ್ನಾಲ್ಕು ರಾತ್ರಿ ಕಣ್ಣು ಮುಚ್ಚದೆ, ವಾರದೊಳಗೆ ಬಾಣಂತಿ ಸನ್ನಿ ಹಿಡಿದು ಬೆಂಗಳೂರಿಗೆ ಸಾಗಿಸಬೇಕಾಗಿತ್ತು. ಹೀಗೆ ಒಮ್ಮೆ ಆದವರಲ್ಲಿ ಮದ್ದಿಲ್ಲದೆ ಬಿಟ್ಟರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮರುಕಳಿಸುತ್ತದೆ ಅನ್ನುವುದು ನಿಮಗೆ ಗೊತ್ತಿದ್ದದ್ದೇ. ಹಾಗಾಗಿ ಆಕೆಯ ಮಟ್ಟಿಗೆ ನಿದ್ದೆಯೇ ಮದ್ದಿನ ಅರ್ಧ ಭಾಗ. ಐದನೇ ತಿಂಗಳಲ್ಲಿ ನನ್ನ ಹತ್ತಿರ ಬಂದಾಗ ಯಾವ ಗುಳಿಗೆಯೂ ಇರಲಿಲ್ಲ, ನಿದ್ದೆ ಆಗಲೇ ಹರಿದುಹೋಗಿತ್ತು. ಈ ಕಾಯಿಲೆಗೂ ಆಗುವ, ನಿದ್ದೆಯನ್ನೂ ಬರಿಸುವ ಕ್ವೆಟಿಯಾಪಿನ್ ಅನ್ನು 50 ಮಿಲಿಗ್ರಾಂನಿಂದ ಶುರು ಮಾಡಿ 100ಕ್ಕೆ ತಂದೆ. ಸಕ್ಕರೆ, ತೂಕ ಎರಡನ್ನೂ ಹೆರಿಗೆ ಡಾಕ್ಟರಿಂದ ನೋಡಿಸುತ್ತಿದ್ದೆ.

ಬಸುರಿನ ಭಾಗ ಚಿಕ್ಕದಾಗಿ ಹೇಳುತ್ತೇನೆ. ಕೊನೆಯ ವಾರಗಳಲ್ಲಿ ಬೆಂಜೊಡಯಾಜೆಪೀನ್ ಗುಂಪಿನ ನಿದ್ದೆ ಗುಳಿಗೆಯನ್ನು ದಿನಾ ಸೇರಿಸುವುದಕ್ಕೆ ನನಗೆ ಮನಸ್ಸಿಲ್ಲ. ಹುಟ್ಟಿದ ಕೂಸು ಬಟ್ಟೆಯ ಹಾಗೆ ಮೆತ್ತಗಿರುತ್ತದೆ, ಮೊಲೆ ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಆಮೇಲೆ ನಡುಕ, ಕಿರಿಕಿರಿಯೂ ಬರಬಹುದು. ಮೊದಲಿಂದ ಇದ್ದರೆ ನಿಧಾನಕ್ಕೆ ಇಳಿಸಬೇಕೇ ಹೊರತು ಒಂದೇ ಸಲಕ್ಕೆ ನಿಲ್ಲಿಸಬಾರದು. ಕ್ವೆಟಿಯಾಪಿನ್ ಮಾತ್ರ ಹೆರಿಗೆ ಹತ್ತಿರ ಬಂತೆಂದು ನಾನು ತೆಗೆಯುವುದಿಲ್ಲ. ಮೂರನೇ ತ್ರೈಮಾಸಿಕದಲ್ಲಿ ಕ್ವೆಟಿಯಾಪಿನ್ ಸೇರಿರುವ ಆಂಟಿಸೈಕೋಟಿಕ್ ಗುಂಪಿನ ಮದ್ದು ತೆಗೆದುಕೊಂಡವರ ಮಕ್ಕಳಲ್ಲಿ ತೂಕಡಿಕೆ, ಸ್ನಾಯು ಬಿಗಿತ, ಉಸಿರಾಟದ ತೊಂದರೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಅದಕ್ಕೆ ನನ್ನ ಷರತ್ತು, ಮನೆಯಲ್ಲಿ ಹೆರಿಗೆ ಇಲ್ಲ, ಮೂರು ದಿನದ ಮೊದಲು ಆಸ್ಪತ್ರೆಯಿಂದ ಮನೆಗೆ ಹೋಗುವಂತಿಲ್ಲ.

ಹೆರಿಗೆಯ ರಾತ್ರಿಯಿಂದಲೇ ಆಕೆಗೆ ಕ್ವೆಟಿಯಾಪಿನ್ 200 ಮಿಲಿಗ್ರಾಂ ಮಾಡಿದೆ, ಮೊದಲ ಕೆಲವು ರಾತ್ರಿಗೆ ಬೆಂಜೊ ಗುಂಪಿನ ಲೊರಾಜೆಪಾಮ್ 1 ಮಿಲಿಗ್ರಾಂ ಜೊತೆಗೆ. ಮಕ್ಕಳ ಡಾಕ್ಟರು ಹಾಲು ಬೇಡವೇ ಬೇಡ ಅಂದರು. ಅವರ ಮುಂದೆ ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದೆ. ತಾಯಿ 55 ಕಿಲೋ, 200 ಮಿಲಿಗ್ರಾಂ ಅಂದರೆ ಕಿಲೋಗೆ ಸುಮಾರು 3.6. ಹಾಲಿನಿಂದ ಮಗುವಿಗೆ ಹೋಗುವುದು, ಕಿಲೋ ಲೆಕ್ಕದಲ್ಲಿ, ತಾಯಿಯ ಡೋಸಿನ ಶೇಕಡಾ 0.1ರ ಸುತ್ತಮುತ್ತ. ಮೂರು ಕಿಲೋ ಮಗುವಿಗೆ ದಿನಕ್ಕೆ ಒಂದು ಮಿಲಿಗ್ರಾಂನ ನೂರನೇ ಒಂದು ಭಾಗ. ಶೇಕಡಾ 10ರ ಒಳಗಿದ್ದರೆ ಸಾಮಾನ್ಯವಾಗಿ ಒಪ್ಪಬಹುದು ಅನ್ನುವುದು ನಾವೆಲ್ಲ ಹಿಡಿಯುವ ಗೆರೆ. ಲೊರಾಜೆಪಾಮ್ ಶೇಕಡಾ 3ರ ಹತ್ತಿರ ಬರುತ್ತದೆ, ಆದರೆ ಸುಮಾರು ಹನ್ನೆರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಹಿಂದೆ ಬಾಲ ಬಿಡುವುದಿಲ್ಲ. ಅದೇ ಗುಂಪಿನ ಡಯಾಜೆಪಾಮ್ ಹಾಗಲ್ಲ. ದೇಹದೊಳಗೆ ಅದರಿಂದ ಹುಟ್ಟುವ ಮರಿಯೊಂದು ದೊಡ್ಡವರಲ್ಲೇ ದಿನಗಟ್ಟಲೆ ಉಳಿಯುತ್ತದೆ, ಎಳೆಗೂಸಿನ ಯಕೃತ್ತಿಗೆ ಅದನ್ನು ಹೊರಹಾಕಲು ಇನ್ನೂ ಕಷ್ಟ, ದಿನದಿಂದ ದಿನಕ್ಕೆ ಪೇರುತ್ತದೆ. ಬೇರೆ ಕಡೆಯಿಂದ ಡಯಾಜೆಪಾಮ್ ಬರೆಸಿಕೊಂಡು ಬಂದ ಒಬ್ಬಳ ಕೂಸು ಹಾಲಿಗೂ ಏಳದೆ ತೂಕ ಇಳಿದದ್ದನ್ನು ನೋಡಿದ ಮೇಲೆ ಬಾಣಂತಿಗೆ ದಿನಾ ಅದನ್ನು ನಾನು ಬರೆಯುವುದಿಲ್ಲ. ಬೆಂಜೊ ಎಂದರೆ ಎಲ್ಲವೂ ಒಂದೇ ಅನ್ನುವವರಿಗೆ ಇನ್ನೊಂದು ಮಾತು: ಟೊರಾಂಟೊದಲ್ಲಿ ಹಾಲುಣಿಸುತ್ತ ಈ ಗುಂಪಿನ ಗುಳಿಗೆ ತೆಗೆದುಕೊಂಡ 124 ತಾಯಂದಿರನ್ನು ವಿಚಾರಿಸಿದಾಗ ಇಬ್ಬರ ಮಕ್ಕಳಲ್ಲಿ ಮಾತ್ರ ಮಂಪರು ಕಂಡಿತ್ತು, 2012ರ ವರದಿ ಅದು.

ಲೆಕ್ಕ ಇಷ್ಟು ಚೆನ್ನಾಗಿದ್ದರೂ ನಿಜವಾದ ಅಪಾಯ ಹಾಲಿನಲ್ಲಿ ಇರಲಿಲ್ಲ, ಹಾಸಿಗೆಯಲ್ಲಿ ಇತ್ತು. ಗುಳಿಗೆ ತಿಂದು ಮಲಗಿದ ತಾಯಿಯ ಪಕ್ಕ, ಅದೇ ಕಂಬಳಿಯೊಳಗೆ ಕೂಸು. ನಮ್ಮ ಚಳಿಗೆ ಎಲ್ಲರೂ ಮಾಡುವುದು ಅದನ್ನೇ. ಇಲ್ಲಿ ನಾನು ಹಟ ಹಿಡಿದೆ. ರಾತ್ರಿ ಒಂಬತ್ತೂವರೆಗೆ ಎರಡೂ ಕಡೆ ಹಾಲು ಕುಡಿಸಿ, ಕೂಸನ್ನು ಅಜ್ಜಿಯ ಕೋಣೆಯ ತೊಟ್ಟಿಲಿಗೆ ದಾಟಿಸಿ, ಆಮೇಲೆ ಗುಳಿಗೆ. ಕ್ವೆಟಿಯಾಪಿನ್ ಹಾಲಿನಲ್ಲಿ ಏರುವುದು ಸುಮಾರು ಒಂದು ಗಂಟೆಗೆ, ಎರಡು ಗಂಟೆಯೊಳಗೆ ಬಹುಪಾಲು ಇಳಿದಿರುತ್ತದೆ. ಹನ್ನೆರಡೂವರೆಯ ಹಾಲನ್ನು ಅಜ್ಜಿ ಒಳಲೆಯಲ್ಲಿ ಕುಡಿಸಬೇಕು. ಮುಂದಿನದು ಮೂರೂವರೆ ನಾಲ್ಕಕ್ಕೆ ತಾಯಿಯದೇ, ಆದರೆ ಅಜ್ಜಿ ಪಕ್ಕದಲ್ಲಿ ಕೂತಿರಬೇಕು, ಮುಗಿದ ಕೂಡಲೇ ಕೂಸು ಮತ್ತೆ ತೊಟ್ಟಿಲಿಗೆ. ತಾಯಿಗೆ ಐದಾರು ಗಂಟೆ ಮುರಿಯದ ನಿದ್ದೆ ಸಿಗುತ್ತದೆ. ಹಾಲು ಹಿಂಡಿ ಚೆಲ್ಲುವ ಕೆಲಸ ಯಾವ ಹೊತ್ತಿನಲ್ಲೂ ಇಲ್ಲ.

ಮಧ್ಯರಾತ್ರಿಯ ಹಾಲನ್ನು ಸಂಜೆ ಎಂಟೂವರೆ ಒಂಬತ್ತಕ್ಕೆ ಕೈಯಲ್ಲೇ ಹಿಂಡಿ, ಕುದಿಸಿ ಒಣಗಿಸಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುವುದು. ಮಳೆಗಾಲದ ತಂಪಿನಲ್ಲಿ ನಾಲ್ಕು ಗಂಟೆ ಹೊರಗಿದ್ದರೆ ತೊಂದರೆಯಿಲ್ಲ, ಏಪ್ರಿಲ್ ಸೆಕೆಯಲ್ಲಿ ಫ್ರಿಜ್ ಇರುವ ಪಕ್ಕದ ಮನೆ ಹುಡುಕಬೇಕು. ಖರ್ಚು ಅಂದರೆ ಡಬ್ಬಿ, ಒಳಲೆ ಸೇರಿ ಇನ್ನೂರು ರೂಪಾಯಿ. ತಿಂಗಳ ಗುಳಿಗೆ ಐನೂರು ಆರುನೂರರ ಒಳಗೆ. ಅಜ್ಜಿಯನ್ನು ರಾತ್ರಿ ಪಾಳಿಗೆ ಒಪ್ಪಿಸುವುದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕಸುಬಿನ ಗುಟ್ಟು, ಇಷ್ಟರವರೆಗೆ ಕೈಕೊಟ್ಟದ್ದು ಅಪರೂಪ.

ಮಗು ಮಂಕಾಗಿದೆಯಾ ಇಲ್ಲವಾ ಅನ್ನುವುದನ್ನು "ಚೆನ್ನಾಗಿ ಮಲಗ್ತದೆ ಡಾಕ್ಟ್ರೇ" ಅನ್ನುವ ಮಾತಿನಿಂದ ತಿಳಿಯಲು ಬರುವುದಿಲ್ಲ. ಎಳೆಗೂಸು ಹೇಗೂ ದಿನದ ಮುಕ್ಕಾಲು ಪಾಲು ಮಲಗಿಯೇ ಇರುತ್ತದೆ. ನಾನು ಕೇಳುವುದು ಹಸಿವಾದಾಗ ತಾನಾಗಿ ಎದ್ದು ಅಳುತ್ತದಾ, ಅಥವಾ ಮೂರು ಗಂಟೆ ಕಳೆದರೂ ಎಬ್ಬಿಸಬೇಕಾ ಅಂತ. ಮೊಲೆ ಕಚ್ಚಿದ ಮೇಲೆ ನುಂಗುವ ಸದ್ದು ಬರುತ್ತದಾ, ಎರಡೇ ಗುಟುಕಿಗೆ ದವಡೆ ಜೋತುಬೀಳುತ್ತದಾ ಅಂತ. ದಿನಕ್ಕೆ ಆರು ಲಂಗೋಟಿಯಾದರೂ ಒದ್ದೆಯಾಗಬೇಕು. ತೂಕ ದಿನಕ್ಕೆ ಇಪ್ಪತ್ತು ಮೂವತ್ತು ಗ್ರಾಂ ಏರಬೇಕು. ಆಶಾ ಕಾರ್ಯಕರ್ತೆ ಹೇಗೂ 3, 7, 14, 21, 28, 42ನೇ ದಿನ ತಕ್ಕಡಿ ಹಿಡಿದು ಮನೆಗೆ ಬರುತ್ತಾಳೆ, ಆಕೆಗೆ ನನ್ನ ನಂಬರ್ ಕೊಟ್ಟಿರುತ್ತೇನೆ. ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ಉಸಿರು ನಡುವೆ ನಿಂತು ನಿಂತು ಬಂದರೆ ನನಗೆ ಫೋನ್ ಮಾಡುತ್ತ ಕೂರಬೇಡಿ, 108 ಕರೆಯಿರಿ ಅಂತ ಚೀಟಿಯಲ್ಲೇ ಬರೆಯುತ್ತೇನೆ.

ಮೂರನೇ ವಾರದಲ್ಲಿ ಹೊಸನಗರದ ಆ ಮನೆಯಿಂದ ಫೋನು ಬಂದೇ ಬಂತು. ಹಗಲಿಡೀ ಮಂಪರು, ಸಂಜೆಯಿಂದ ಎರಡೇ ಲಂಗೋಟಿ. ಹಿರಿಯ ಸಹೋದ್ಯೋಗಿಯ ಮಾತು ನೆನಪಾಗಿ ಹೊಟ್ಟೆ ತೊಳಸಿತು. ಆಸ್ಪತ್ರೆಯಲ್ಲಿ ಸೋಂಕಿಗೆ, ಸಕ್ಕರೆಗೆ ಪರೀಕ್ಷೆ ಆಯಿತು, ಏನೂ ಇಲ್ಲ. ಲೊರಾಜೆಪಾಮ್ ನಿಂತು ವಾರ ಕಳೆದಿತ್ತು, ಕ್ವೆಟಿಯಾಪಿನ್ ಡೋಸು ಬದಲಾಗಿರಲಿಲ್ಲ. ಹಾಗಾದರೆ ಹೊಸದಾಗಿ ಸೇರಿದ್ದೇನು ಅಂತ ಕೆದಕಿದಾಗ ಅಜ್ಜಿ ಬಾಯಿಬಿಟ್ಟಳು: "ರಾತ್ರಿ ಒಂದೇ ಸಮ ಹಟ ಮಾಡ್ತಿತ್ತು ಮಾರಾಯ್ರೆ, ಅದ್ಕೆ ಸುತ್ತುಕಾರದಲ್ಲಿ ಜಾಯಿಕಾಯಿ ಎರಡು ಸುತ್ತು ಜಾಸ್ತಿ ತೇಯ್ದೆ." ತೋಟದ್ದೇ ಜಾಯಿಕಾಯಿ, ಹೊಸ ಫಸಲು. ಅದನ್ನು ನಿಲ್ಲಿಸಿ ಗುಳಿಗೆಯನ್ನು ಹಾಗೇ ಮುಂದುವರಿಸಿದೆವು. ಮರುದಿನ ಸಂಜೆಗೆ ಕೂಸು ಗಂಟಲು ಹರಿಯುವಂತೆ ಅತ್ತಿತು. ಅಲ್ಲಿಂದೀಚೆಗೆ ಗುಳಿಗೆ ಚೀಟಿ ಬರೆಯುವ ಮೊದಲು ಕೂಸಿನ ಬಾಯಿಗೆ ಏನೇನು ಬೀಳುತ್ತದೆ ಎಂದು ಕೇಳುತ್ತೇನೆ, ತಾಯಿಯ ಕೆಮ್ಮು ನೆಗಡಿಯ ಔಷಧಿಯನ್ನೂ ಸೇರಿಸಿ. ನೆಗಡಿ ಗುಳಿಗೆಯೂ ತೂಕಡಿಸುತ್ತದೆ. ಕೊಡೀನ್ ಇರುವ ಕೆಮ್ಮಿನ ಔಷಧಿಯಂತೂ ಹಾಲೂಡುವವರಿಗೆ ಕೂಡದೇ ಕೂಡದು, ಕೆಲವರ ದೇಹ ಅದನ್ನು ಬೇಗ ಮಾರ್ಫೀನ್ ಮಾಡಿಬಿಡುತ್ತದೆ.

ಇದರ ಹಿಂದೆಯೇ ಉಲ್ಟಾ ಪ್ರಯೋಗವೊಂದನ್ನೂ ಮಾಡಿದೆ. ಇನ್ನೊಬ್ಬಳ ಕೂಸು ಮಲಗುವುದೇ ಇಲ್ಲ, ಅದರಿಂದ ತಾಯಿಗೂ ನಿದ್ದೆಯಿಲ್ಲ. ಕಾಫಿ ತೋಟದ ಮನೆ, ದಿನಕ್ಕೆ ಐದಾರು ಲೋಟ ಕಾಫಿ. ದೊಡ್ಡವರಲ್ಲಿ ಐದಾರು ಗಂಟೆಗೆ ಅರ್ಧವಾಗುವ ಕೆಫೀನ್ ಹೊಸಗೂಸಿನಲ್ಲಿ ಅರ್ಧವಾಗಲು ಮೂರ್ನಾಲ್ಕು ದಿನ ಹಿಡಿಯುತ್ತದೆ. ಬೆಳಗಿನ ಒಂದು ಲೋಟಕ್ಕೆ ಇಳಿಸಿದ ವಾರದೊಳಗೆ ಇಬ್ಬರೂ ಮಲಗಿದರು, ಗುಳಿಗೆಯೇ ಬೇಕಾಗಲಿಲ್ಲ. ಫೀಸು ನೂರೈವತ್ತು ಬಂತು, ಜೊತೆಗೆ ಒಂದು ಕಿಲೋ ಕಾಫಿಪುಡಿ.

ಹೊಸನಗರದವಳ ಕೂಸು ಆರನೇ ವಾರಕ್ಕೆ ನಾಲ್ಕೂವರೆ ಕಿಲೋ ದಾಟಿತು, ತಾಯಿಗೆ ಕಾಯಿಲೆ ಮರುಕಳಿಸಲಿಲ್ಲ. ಅವಳಾದ ಮೇಲೆ ಒಂದಿಪ್ಪತ್ತು ಮಂದಿಗೆ ಇದೇ ಕ್ರಮ ಮಾಡಿಸಿದ್ದೇನೆ. ಆದರೆ ಎಲ್ಲರಿಗೂ ಮಾಡಿಸುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸು, ಉಸಿರಾಟದ ತೊಂದರೆ ಇರುವ ಕೂಸು, ಮೊದಲ ಕೆಲವು ರಾತ್ರಿ ದಾಟಿದ ಮೇಲೂ ಎರಡು ಮೂರು ಬಗೆಯ ಮಂಪರು ಮದ್ದು ಒಟ್ಟಿಗೆ ಬೇಕಾಗುವ ತಾಯಿ, ರಾತ್ರಿ ಕಾಯಲು ಇನ್ನೊಂದು ಜೀವವಿಲ್ಲದ ಮನೆ, ಇವಕ್ಕೆ ಇದು ಆಗುವುದಿಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಗುಳಿಗೆಯ ಮೇಲಿರುವವರದ್ದು ಬೇರೆಯೇ ಲೆಕ್ಕ. ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಮಾತು ತಾಯಿಯ ಬಾಯಲ್ಲಿ ಬಂದರೆ ಆ ದಿನವೇ ಗಾಡಿ ಮಾಡಿಸಿ ನಿಮ್ಹಾನ್ಸ್‌ಗೆ ಕಳಿಸುತ್ತೇನೆ. ಅಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡಿದೆ. ಬಾಡಿಗೆ ಏಳೆಂಟು ಸಾವಿರ ಆಗುತ್ತದೆ ಅಂತ ಮನೆಯವರು ಹಿಂಜರಿದರೆ ಎರಡು ಸಲ ನಾನೇ ಕೊಟ್ಟದ್ದೂ ಇದೆ. ಒಬ್ಬರು ವಾಪಸು ಕೊಟ್ಟರು, ಇನ್ನೊಬ್ಬರು ಇನ್ನೂ ಕೊಡಬೇಕು.