ಮಗನ ಮೊದಲ ಸಂಬಳ: 960 ಡಾಲರ್ ದುಡಿದರೆ ಕೈಗೆ 848 ಯಾಕೆ ಬಂತು?

ಅಮೆರಿಕಕ್ಕೆ ಹೊಸದಾಗಿ ಬಂದ ಕುಟುಂಬಗಳು ಮಕ್ಕಳ ಕೆಲಸದ ಮಾತೆತ್ತಿದಾಗ ನಮ್ಮ ಸಂಘದಲ್ಲಿ ನಾವು ಮೊದಲು ಕೇಳುವುದು ವೀಸಾ ಯಾವುದು ಅಂತ. ನೀವು ಎಚ್-1ಬಿ ಮೇಲೆ ಬಂದಿದ್ದು ಮಕ್ಕಳು ಎಚ್-4ನಲ್ಲಿದ್ದರೆ ಅವರು ಸಂಬಳದ ಕೆಲಸ ಮಾಡುವ ಹಾಗಿಲ್ಲ. ಎಲ್-1ನವರ ಮಕ್ಕಳಿಗೂ ಅದೇ. ಎಚ್-4 ಇಎಡಿ ಅಂತ ಕೇಳಿರುತ್ತೀರಿ, ಆ ಕೆಲಸದ ಅನುಮತಿ ಪತ್ರ ಕೆಲವು ಷರತ್ತುಗಳ ಮೇಲೆ ಗಂಡ ಅಥವಾ ಹೆಂಡತಿಗೆ ಸಿಗುವುದು, ಮಕ್ಕಳಿಗಲ್ಲ. ಸ್ನೇಹಿತರೆಲ್ಲ ಅಂಗಡಿಯಲ್ಲಿ ಕೆಲಸಕ್ಕೆ ನಿಂತಾಗ ನಿಮ್ಮ ಮಗಳು ಮನೆಯಲ್ಲಿ ಕೂರಬೇಕಾಗುವುದು ಸಂಕಟದ ವಿಷಯ, ನನಗೆ ಗೊತ್ತು. ಆದರೂ ನಗದು ಕೊಡುತ್ತಾರೆ, ಯಾರಿಗೂ ಗೊತ್ತಾಗಲ್ಲ ಅಂತ ಒಪ್ಪಬೇಡಿ. ಮುಂದೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಅನುಮತಿ ಇಲ್ಲದೆ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಗ್ರೀನ್ ಕಾರ್ಡ್ ಇರುವವರು, ಪೌರರು, ಅಥವಾ ಗ್ರೀನ್ ಕಾರ್ಡ್ ಅರ್ಜಿ ಹಾಕಿ ಸ್ವಂತ ಇಎಡಿ ಪಡೆದ ಮಕ್ಕಳು ಧಾರಾಳವಾಗಿ ದುಡಿಯಬಹುದು.

ನಮ್ಮ ಹುಡುಗ ಆ ಗುಂಪಿಗೆ ಸೇರಿದವನು. 2025ರ ಬೇಸಿಗೆ ರಜೆಯಲ್ಲಿ, 16 ತುಂಬಿದ ಮೇಲೆ, ಇಲ್ಲಿ ಟೆಕ್ಸಸ್‌ನಲ್ಲಿ ಮನೆ ಹತ್ತಿರದ ದಿನಸಿ ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬುವ ಕೆಲಸ ಹಿಡಿದ. ಗಂಟೆಗೆ 12 ಡಾಲರ್, ವಾರಕ್ಕೆ 40 ಗಂಟೆ, ಎರಡು ವಾರಕ್ಕೊಮ್ಮೆ ಸಂಬಳ. 960 ಬರುತ್ತದೆ ಅಂತ ಲೆಕ್ಕ ಹಾಕಿಕೊಂಡು ಕೂತಿದ್ದ. ಖಾತೆಗೆ ಬಿದ್ದದ್ದು 848 ಡಾಲರ್ 25 ಸೆಂಟ್. "ಅಪ್ಪಾ, ಮೊದಲನೇ ಸಂಬಳದಲ್ಲೇ ಮೋಸ ಮಾಡಿದಾರೆ ನೋಡು" ಅಂತ ಮುಖ ಊದಿಸಿಕೊಂಡು ಬಂದ. ಊಟದ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಪೇ ಸ್ಲಿಪ್ ಸಾಲು ಸಾಲಾಗಿ ಓದಿದೆವು.

`OASDI` ಎಂಬ ಸಾಲಿನಲ್ಲಿ 59.52. ಅದು ಸೋಶಿಯಲ್ ಸೆಕ್ಯುರಿಟಿ, ಸಂಬಳದ 6.2%. ಅದರ ಕೆಳಗೆ ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 1.45%, ಅಂದರೆ 13.92. ಇವೆರಡೂ ಮೊದಲ ಡಾಲರಿನಿಂದಲೇ ಕಡಿತವಾಗುತ್ತವೆ, ಮತ್ತೆ ವಾಪಸ್ ಬರುವುದಿಲ್ಲ. ಮಾಲೀಕರೂ ಅಷ್ಟೇ ಹಣ ತಮ್ಮ ಕೈಯಿಂದ ಕಟ್ಟುತ್ತಾರೆ. ನಾನು ಮೊದಲು ಇದನ್ನು ನಮ್ಮ ಊರಿನ ಪಿಎಫ್ ಥರ ಅಂತ ಹೇಳಲು ಹೋಗಿ ತಡೆದುಕೊಂಡೆ. ಪಿಎಫ್‌ನಲ್ಲಿ ನಿಮ್ಮ ಹೆಸರಿನಲ್ಲಿ ಹಣ ಕೂಡಿರುತ್ತದೆ. ಇಲ್ಲಿ ಹಣದ ಬದಲು ಕ್ರೆಡಿಟ್ ಕೂಡುತ್ತದೆ. 2025ರಲ್ಲಿ ಪ್ರತಿ 1,810 ಡಾಲರ್ ದುಡಿಮೆಗೆ ಒಂದು ಕ್ರೆಡಿಟ್, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. 40 ಕ್ರೆಡಿಟ್ ಆದರೆ ವಯಸ್ಸಾದಾಗ ಪಿಂಚಣಿಗೆ ಅರ್ಹತೆ. ಆ ವರ್ಷ ಇವನು ಒಟ್ಟು ದುಡಿದದ್ದು 7,392, ಹಾಗಾಗಿ ನಾಲ್ಕೂ ಕ್ರೆಡಿಟ್ ಸಿಕ್ಕಿತು.

ಮೂರನೆಯ ಸಾಲು `Federal Withholding`, 38.31. ನಮ್ಮ ಕಡೆ ಟಿಡಿಎಸ್ ಅನ್ನುತ್ತೀವಲ್ಲ, ಅದೇ. ಗೊಂದಲ ಹೆಚ್ಚು ಇರುವುದು ಇಲ್ಲಿ. ಸಂಬಳ ಮಾಡುವ ಸಾಫ್ಟ್‌ವೇರ್‌ಗೆ ಇವನು ಆಗಸ್ಟ್‌ನಲ್ಲಿ ಶಾಲೆಗೆ ಹೋಗುತ್ತಾನೆ ಅಂತ ಗೊತ್ತಿಲ್ಲ. ಎರಡು ವಾರಕ್ಕೆ 960 ಬಂದರೆ ವರ್ಷವಿಡೀ ಹೀಗೇ ಬರುತ್ತದೆ ಅಂತ ಅದು 26ರಿಂದ ಗುಣಿಸುತ್ತದೆ. 24,960 ಆಯಿತು. ಕಡಿತದ ಕೋಷ್ಟಕದಲ್ಲಿ ಆ ವರ್ಷ ಒಂಟಿ ವ್ಯಕ್ತಿಗೆ ಮೊದಲ 15,000ಕ್ಕೆ ತೆರಿಗೆ ಇರಲಿಲ್ಲ. ಉಳಿದ 9,960ಕ್ಕೆ 10% ಅಂದರೆ 996, ಅದನ್ನು 26ರಿಂದ ಭಾಗಿಸಿದರೆ 38.31. ಶಾಲೆ ಶುರುವಾಗಿ ವಾರಕ್ಕೆ 12 ಗಂಟೆಗೆ ಇಳಿದ ಮೇಲೆ ಎರಡು ವಾರದ ಸಂಬಳ 288 ಆಯಿತು, ಈ ಸಾಲು ಸೊನ್ನೆಯಾಯಿತು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ಕಡೆ ಇದ್ದರೆ ಇನ್ನೂ ಕೆಲವು ಸಾಲು ಕಾಣುತ್ತವೆ.

ಶಾಲೆ ನಡೆಯುವಾಗ ಚಿಕ್ಕ ಸಂಬಳಕ್ಕೂ ಈ ಸಾಲಿನಲ್ಲಿ ಕಡಿತ ಕಂಡರೆ, ಕೆಲಸಕ್ಕೆ ಸೇರುವಾಗ ತುಂಬಿದ ಡಬ್ಲ್ಯು-4 ಎಂಬ ತೆರಿಗೆ ಕಡಿತದ ಫಾರಂ ತೆಗೆದು ನೋಡಿ. ಹೆಚ್ಚಾಗಿ, ಎರಡು ಕೆಲಸ ಇರುವವರು ಗುರುತು ಹಾಕಬೇಕಾದ ಚೌಕದಲ್ಲಿ ಮಗು ಗೊತ್ತಿಲ್ಲದೆ ಗುರುತು ಹಾಕಿರುತ್ತದೆ. ಹೊಸ ಡಬ್ಲ್ಯು-4 ಕೊಟ್ಟರೆ ಮುಂದಿನದು ಸರಿಹೋಗುತ್ತದೆ. ಹಿಂದಿನ ವರ್ಷ ತೆರಿಗೆ ಬಾಕಿ ಇರದೆ, ಈ ವರ್ಷವೂ ಬರುವುದಿಲ್ಲ ಎನ್ನುವವರು ಕಡಿತವೇ ಬೇಡ ಅಂತ ಅದೇ ಫಾರಂನಲ್ಲಿ ಹೇಳಬಹುದು. ಫೆಬ್ರವರಿ ಮಧ್ಯಕ್ಕೆ ಅದರ ಅವಧಿ ಮುಗಿಯುತ್ತದೆ, ಪ್ರತಿ ವರ್ಷ ಹೊಸದು ಕೊಡಬೇಕು. ನಾನು ಮಗನಿಗೆ ಅದು ಬೇಡ ಅಂದೆ. ಒಂದು ಸಲ ಕಡಿತವಾಗಲಿ, ತಾನೇ ಕೂತು ರಿಟರ್ನ್ ಹಾಕಿ ಬಿಡಿಸಿಕೊಳ್ಳಲಿ ಅಂತ.

ಐದು ಸಂಬಳದಲ್ಲಿ ಕಡಿತವಾದದ್ದು 191.55. ವರ್ಷದ ದುಡಿಮೆ 7,392, ರಿಟರ್ನ್ ಹಾಕುವಾಗ ತೆರಿಗೆ ಇಲ್ಲದ ಮಿತಿ 2025ಕ್ಕೆ 15,750, ಆದ್ದರಿಂದ ಅಷ್ಟೂ ಹಣ ಅವನದ್ದೇ. ಆದರೆ ಕೇಳದೆ ಬರುವುದಿಲ್ಲ. ಜನವರಿ ಕೊನೆಗೆ ಅಂಗಡಿಯವರು ಡಬ್ಲ್ಯು-2 ಕೊಡುತ್ತಾರೆ, ನಮ್ಮ ಫಾರಂ 16 ಇದ್ದ ಹಾಗೆ. ಅದನ್ನು ಇಟ್ಟುಕೊಂಡು ಮಗು ತನ್ನದೇ ಹೆಸರಿನಲ್ಲಿ 1040 ಎಂಬ ತೆರಿಗೆ ರಿಟರ್ನ್ ಹಾಕಬೇಕು. ಮಕ್ಕಳ ಡಬ್ಲ್ಯು-2 ಅನ್ನು ತಮ್ಮ ರಿಟರ್ನ್‌ಗೆ ಸೇರಿಸಿದ ಅಪ್ಪ-ಅಮ್ಮಂದಿರನ್ನು ನೋಡಿದ್ದೇನೆ, ಅದು ತಪ್ಪು.

ಇನ್ನೊಂದು ತಪ್ಪು ನಮ್ಮ ಮನೆಯಲ್ಲೇ ಆಗುವುದರಲ್ಲಿತ್ತು. ಮಗುವಿನ 1040ರಲ್ಲಿ, ಬೇರೆಯವರು ನನ್ನನ್ನು ಅವಲಂಬಿತನೆಂದು ತೋರಿಸಬಹುದು ಎಂಬ ಚೌಕವಿದೆ. ಮಗ ಅದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗಿದ್ದ, ನಾನು ಹಿಂದೆ ಕರೆಸಿದೆ. ಅದನ್ನು ಬಿಟ್ಟು ಕಳಿಸಿದರೆ, ಆಮೇಲೆ ನೀವು ಮಗನ ಹೆಸರು ಹಾಕಿ ಆನ್‌ಲೈನ್‌ನಲ್ಲಿ ಕಳಿಸುವ ರಿಟರ್ನ್ ತಿರಸ್ಕಾರವಾಗಿ ಬರಬಹುದು. ಆಗ ಮಗನ ಕಡೆಯಿಂದ 1040-ಎಕ್ಸ್ ಎಂಬ ತಿದ್ದುಪಡಿ ಹಾಕಿಸಬೇಕು, ತಿಂಗಳುಗಟ್ಟಲೆ ಕಾಯಬೇಕು.

ಉಳಿತಾಯದ ಮಾತು ಮೊದಲನೇ ಸಂಬಳ ಬರುವ ಮೊದಲೇ ಆಗಬೇಕು. 18 ತುಂಬದವರಿಗೆ ಬ್ಯಾಂಕ್ ಖಾತೆ ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮನ ಜೊತೆ ಜಂಟಿಯಾಗಿರುತ್ತದೆ. ಸಂಬಳವನ್ನು ಎರಡು ಖಾತೆಗೆ ಹಂಚಿ ಹಾಕಲು ಎಷ್ಟೋ ಕಡೆ ಅವಕಾಶ ಕೊಡುತ್ತಾರೆ, ಕೇಳಿ. ನಮ್ಮವನು 70% ಖರ್ಚಿನ ಖಾತೆಗೆ, 30% ಕಣ್ಣಿಗೆ ಬೀಳದ ಉಳಿತಾಯ ಖಾತೆಗೆ ಹೋಗುವಂತೆ ಬರೆದುಕೊಟ್ಟ. ಶೇಕಡಾವಾರು ಎಷ್ಟು ಅಂತ ಅವನೇ ಹೇಳಿದ್ದು, ನಾನು ಬಾಯಿ ಹಾಕಲಿಲ್ಲ.

ವರ್ಷದ ಕೊನೆಗೆ ಆ ಉಳಿತಾಯದಿಂದ 1,000 ಡಾಲರ್ ತೆಗೆದು ರಾತ್ ಐಆರ್‌ಎ ಎಂಬ ನಿವೃತ್ತಿ ಖಾತೆಗೆ ಹಾಕಿದ. ಮೈನರ್ ಆದ್ದರಿಂದ ಖಾತೆಯನ್ನು ನಾನು ನೋಡಿಕೊಳ್ಳುತ್ತೇನೆ, ಹಣ ಅವನದು. ಅವನು ಹಾಕಿದ ಪ್ರತಿ ಡಾಲರಿಗೆ ನಾನೊಂದು ಡಾಲರ್ ಕೂಡಿಸಿದೆ. ಹಣ ಯಾರದ್ದಾದರೂ ಸರಿ, ಒಟ್ಟು ಮೊತ್ತ ಮಗು ಆ ವರ್ಷ ದುಡಿದದ್ದನ್ನು ಮೀರಬಾರದು, 2025ರ ಮಿತಿಯಾದ 7,000 ಡಾಲರನ್ನೂ ದಾಟಬಾರದು. ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ಹಣವನ್ನು ದುಡಿಮೆ ಅಂತ ತೋರಿಸುವ ಹಾಗಿಲ್ಲ. ಹಾಕಿದ ಅಸಲನ್ನು ಯಾವಾಗ ಬೇಕಾದರೂ ತೆರಿಗೆ, ದಂಡ ಇಲ್ಲದೆ ತೆಗೆಯಬಹುದು, ಬೆಳೆದ ಭಾಗವನ್ನು ಮಾತ್ರ ಸಾಮಾನ್ಯವಾಗಿ ಐವತ್ತೊಂಬತ್ತೂವರೆ ವಯಸ್ಸಿನ ತನಕ ಮುಟ್ಟಬಾರದು. ವರ್ಷಕ್ಕೆ ಸರಾಸರಿ 7% ಬೆಳೆಯಿತು ಅಂದುಕೊಂಡರೆ ಈ 2,000 ಅವನ 60ನೇ ವಯಸ್ಸಿಗೆ ಸುಮಾರು 39,000 ಆಗುತ್ತದೆ. ಷೇರು ಪೇಟೆಯ ಹಣ, ಬೀಳುವ ವರ್ಷಗಳೂ ಇರುತ್ತವೆ ಅಂತ ಅವನಿಗೆ ಹೇಳಿಯೇ ಹಾಕಿಸಿದೆ.

ಇದರಲ್ಲಿ ಕಾಲೇಜಿನ ಲೆಕ್ಕವೂ ಇದೆ. ಓದಿಗೆ ಸರ್ಕಾರದ ನೆರವು ಕೇಳುವ ಎಫ್‌ಎಎಫ್‌ಎಸ್‌ಎ ಅರ್ಜಿ ತುಂಬುವಾಗ ಮಗುವಿನ ಹೆಸರಿನ ಉಳಿತಾಯ ಖಾತೆಯಲ್ಲಿರುವ ಹಣದ 20% ಓದಿಗೆ ಸಿಗುತ್ತದೆ ಅಂತ ಎಣಿಸುತ್ತಾರೆ. ನಿವೃತ್ತಿ ಖಾತೆಯಲ್ಲಿರುವ ಹಣವನ್ನು ಆಸ್ತಿಯಾಗಿ ಕೇಳುವುದೇ ಇಲ್ಲ. ಹಾಗಂತ ಎಲ್ಲವನ್ನೂ ಅಲ್ಲಿಗೇ ತುರುಕಬೇಡಿ, ಹುಡುಗರಿಗೆ ಕೈಖರ್ಚಿಗೂ ಬೇಕು. ನಮ್ಮವನು ರಿಫಂಡ್ ಬಂದ ದಿನ ಆ 192 ಡಾಲರಿನಲ್ಲಿ ತಂಗಿಗೆ ಶೂ ತಂದುಕೊಟ್ಟ.