ಒಬ್ಬರೇ ಎಂಜಿನಿಯರ್, ಮೂರು ಪ್ರಾಜೆಕ್ಟ್: ಡಿಕ್ಕಿ ಹೊಡೆದ ಕೆಲಸಗಳನ್ನು ಬಿಡಿಸುವುದು ಹೇಗೆ?

ಮೂರು ಪ್ರಾಜೆಕ್ಟ್‌ಗಳ ಮ್ಯಾನೇಜರ್‌ಗಳೂ ತಮ್ಮ ತಮ್ಮ ಪ್ಲಾನ್ ಸರಿಯಾಗಿಯೇ ಮಾಡಿರುತ್ತಾರೆ. ಮೂವರೂ ಅದೇ ಎಂಜಿನಿಯರ್‌ನ ಅದೇ ವಾರವನ್ನು ಬರೆದುಕೊಂಡಿದ್ದಾರೆ ಎಂಬುದು ಮಾತ್ರ ಯಾರ ಪ್ಲಾನ್‌ನಲ್ಲೂ ಕಾಣುವುದಿಲ್ಲ. ಸೋಮವಾರ ಬೆಳಿಗ್ಗೆ ಒಂದರ ಹಿಂದೊಂದು ಫೋನ್ ಬಂದಾಗ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಯಾರ ದನಿ ಜೋರೋ ಅವರ ಕೆಲಸ ಮೊದಲು ಆಗುತ್ತದೆ, ನಿಜವಾಗಿ ತುರ್ತಿದ್ದದ್ದು ಹಿಂದೆ ಬೀಳುತ್ತದೆ.

ಕಟ್ಟಡಗಳ ಎಲೆಕ್ಟ್ರಿಕಲ್ ಡಿಸೈನ್ ಮಾಡುವ ಒಂದು ಸಣ್ಣ ಆಫೀಸನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿನ ಡಿಸೈನ್ ಎಂಜಿನಿಯರ್ ಒಬ್ಬರ ಮೇಲೆ ಮೊದಲ ವಾರಕ್ಕೆ ಮೂರು ಕೆಲಸ ಬಿದ್ದಿವೆ: ಆಸ್ಪತ್ರೆಯ ಲೋಡ್ ಲೆಕ್ಕ ಮತ್ತು ಸಿಂಗಲ್ ಲೈನ್ ಡಯಾಗ್ರಾಂ 24 ಗಂಟೆ, ಅಪಾರ್ಟ್‌ಮೆಂಟ್‌ನ ಸ್ಲ್ಯಾಬ್ ಕಾಂಡ್ಯೂಟ್ ಡ್ರಾಯಿಂಗ್ 18 ಗಂಟೆ, ಶಾಲೆಯ ಟೆಂಡರ್‌ಗೆ ಯಾವ ಸಾಮಾನು ಎಷ್ಟು ಬೇಕೆಂಬ ಪಟ್ಟಿ, ಅಂದರೆ ಬಿಒಕ್ಯೂ, 12 ಗಂಟೆ. ಒಟ್ಟು 54.

1. ಎಲ್ಲವನ್ನೂ ಒಂದೇ ಶೀಟ್‌ಗೆ ತನ್ನಿ

ಪ್ರಾಜೆಕ್ಟ್‌ಗೊಂದು ಶೀಟ್ ಇದ್ದರೆ ಡಿಕ್ಕಿ ಕಾಣುವುದೇ ಇಲ್ಲ. ಐದು ಕಾಲಂ ಸಾಕು: A ಯಾರು, B ಯಾವ ಪ್ರಾಜೆಕ್ಟ್, C ಯಾವ ಕೆಲಸ, D ಯಾವ ವಾರ, E ಎಷ್ಟು ಗಂಟೆ. ಅದರ ಪಕ್ಕದಲ್ಲೇ H ಕಾಲಂನಲ್ಲಿ ಹೆಸರುಗಳನ್ನೂ, ಮೊದಲ ಸಾಲಿನಲ್ಲಿ I ಇಂದ ಮುಂದೆ ವಾರಗಳನ್ನೂ ಬರೆದು, I2 ರಲ್ಲಿ ಇದನ್ನು ಹಾಕಿ ಎಳೆಯಿರಿ:

```
=SUMIFS($E:$E,$A:$A,$H2,$D:$D,I$1)
```

ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಯಬೇಕು. ಒಂದು ಕಡೆ ಇನಿಷಿಯಲ್ ಇದ್ದು ಇನ್ನೊಂದು ಕಡೆ ಬಿಟ್ಟುಹೋದರೆ ಶೀಟ್ ಅವರನ್ನು ಇಬ್ಬರೆಂದು ಎಣಿಸುತ್ತದೆ, ಇಬ್ಬರಿಗೂ ಬಿಡುವಿದೆ ಎಂದು ತೋರಿಸುತ್ತದೆ. ಹತ್ತು ಜನರೊಳಗಿನ ಆಫೀಸಿಗೆ ಇದಕ್ಕಿಂತ ಹೆಚ್ಚಿನದು ಬೇಡ, ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿ ಬಣ್ಣಬಣ್ಣದ ಆ್ಯಪ್ ತರಬೇಡಿ.

2. ವಾರಕ್ಕೆ 30 ಗಂಟೆ ಹಿಡಿಯಿರಿ

40 ಗಂಟೆ ಆಫೀಸಿನಲ್ಲಿ ಕೂತರೂ ಮೀಟಿಂಗ್, ಮೇಲ್, ಸೈಟ್‌ನಿಂದ ಬರುವ ಫೋನ್ ಎಲ್ಲ ಕಳೆದರೆ ಡ್ರಾಯಿಂಗ್‌ಗೆ ಉಳಿಯುವುದು ದಿನಕ್ಕೆ ಆರು ಗಂಟೆ. ರಜೆ ಇದ್ದರೆ ಅದನ್ನೂ ಕಳೆಯಿರಿ. ‘ಆಸ್ಪತ್ರೆಗೆ 50%, ಅಪಾರ್ಟ್‌ಮೆಂಟ್‌ಗೆ 30%, ಶಾಲೆಗೆ 20%’ ಎಂದು ಹಂಚಿ, ಕೂಡಿದರೆ ನೂರಾಯಿತು ಎಂದು ಸುಮ್ಮನಾಗುವವರು ಬಹಳ. ಅದು ತಿಂಗಳ ಸರಾಸರಿ ಅಷ್ಟೇ. ಕೆಲಸ ಸಮನಾಗಿ ಹರಡಿಕೊಂಡು ಬರುವುದಿಲ್ಲ, ಒಂದೇ ವಾರ ಮೈಮೇಲೆ ಬೀಳುತ್ತದೆ. ಆದ್ದರಿಂದ ಶೇಕಡಾ ಲೆಕ್ಕ ಬಿಟ್ಟು ಗಂಟೆಗಳಲ್ಲೇ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಮೊದಲ ವಾರ 24 ಗಂಟೆ ಹೆಚ್ಚಾಗಿದೆ.

3. ಯಾವ ಕೆಲಸ ಎಷ್ಟು ಕಾಯಬಲ್ಲದು ಎಂದು ತಿಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಇದು ನಿಮಗೆ ಯಾವಾಗ ಬೇಕು?’ ಎಂದು ಕೇಳುತ್ತಾರೆ, ಮೂವರು ಮ್ಯಾನೇಜರ್‌ಗಳೂ ‘ಅರ್ಜೆಂಟ್, ಇದೇ ವಾರ’ ಎನ್ನುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ತಮ್ಮ ಪ್ಲಾನ್‌ನಲ್ಲಿ ಬರೆದ ತಾರೀಖನ್ನು ಹೇಳುತ್ತಿದ್ದಾರೆ. ಆ ತಾರೀಖು ಬಹಳ ಸಲ, ಕೆಲಸವನ್ನು ಎಷ್ಟು ಬೇಗ ಶುರು ಮಾಡಲು ಸಾಧ್ಯವೋ ಅಷ್ಟು ಬೇಗ ಇಟ್ಟಿದ್ದರಿಂದ ಬಂದದ್ದು.

ಕೇಳಬೇಕಾದದ್ದು ಹೀಗೆ: ‘ಇದು ಕೈಗೆ ಬಂದ ಮೇಲೆ ಯಾರು, ಯಾವ ದಿನ, ಯಾವ ಕೆಲಸ ಶುರು ಮಾಡುತ್ತಾರೆ?’

ಅಪಾರ್ಟ್‌ಮೆಂಟ್ ಮ್ಯಾನೇಜರ್‌ಗೆ ಇದನ್ನು ಕೇಳಿದರೆ ಅವರು ಸೈಟ್‌ಗೆ ಫೋನ್ ಮಾಡಬೇಕಾಗುತ್ತದೆ. ಅಲ್ಲಿ ಇನ್ನೂ ಸೆಂಟ್ರಿಂಗ್ ನಡೆದಿದೆ, ಕಬ್ಬಿಣ ಕಟ್ಟುವುದು ಬಾಕಿ ಇದೆ. ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕುವ ಮುಂಚೆ ಕಾಂಡ್ಯೂಟ್ ಎಳೆಯಬೇಕು. ಆ ದಿನ ಬರುವುದು ನಾಲ್ಕನೇ ವಾರದ ಸೋಮವಾರ. ಅಂದರೆ ಡ್ರಾಯಿಂಗ್ ಮೂರನೇ ವಾರದ ಶುಕ್ರವಾರ ಸಿಕ್ಕರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಎರಡು ವಾರ ಸ್ಲ್ಯಾಕ್ ಇದೆ, ಅಂದರೆ ಅಷ್ಟು ದಿನ ಕೆಲಸ ಕಾಯಬಲ್ಲದು. ಶಾಲೆಯ ಬಿಒಕ್ಯೂ ಟೆಂಡರ್ ಕಾಗದಗಳ ಜೊತೆ ಎರಡನೇ ವಾರದ ಕೊನೆಗೆ ಹೋಗಬೇಕು, ಅದಕ್ಕೆ ಒಂದು ವಾರ. ಆಸ್ಪತ್ರೆಯದಕ್ಕೆ ಏನೂ ಇಲ್ಲ: ಲೋಡ್ ಲೆಕ್ಕ ನೋಡದೆ ಪ್ಯಾನಲ್ ತಯಾರಕರು ಆರ್ಡರ್ ತೆಗೆದುಕೊಳ್ಳುವುದಿಲ್ಲ, ಆರ್ಡರ್ ಆದ ಮೇಲೂ ಪ್ಯಾನಲ್ ಬರಲು ವಾರಗಳು ಬೇಕು. ಇಲ್ಲಿ ತಡವಾದ ಪ್ರತಿ ದಿನವೂ ನೇರ ಕೊನೆಯ ತಾರೀಖಿಗೆ ಹೋಗಿ ಕೂಡಿಕೊಳ್ಳುತ್ತದೆ.

‘ಯಾರು, ಯಾವ ದಿನ’ ಎಂಬುದಕ್ಕೆ ಉತ್ತರ ಸಿಗದಿದ್ದರೆ ಆ ಕೆಲಸಕ್ಕೆ ಇನ್ನೂ ಯಾರೂ ಕಾದು ಕೂತಿಲ್ಲ ಎಂದೇ ತಿಳಿಯಿರಿ. ಉತ್ತರ ಬರುವವರೆಗೆ ಅದನ್ನು ಸಾಲಿನ ಕೊನೆಗಿಡಿ. ಉತ್ತರ ಬಂದರೆ ಅದನ್ನು ಹೇಳಿದವರ ಹೆಸರಿನ ಸಮೇತ ಶೀಟ್‌ನಲ್ಲಿ ಬರೆದಿಡಿ. ಸೈಟ್‌ನಲ್ಲಿ ತಾರೀಖು ಹಿಂದೆಮುಂದೆ ಆದಾಗ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರುತ್ತದೆ.

4. ಸ್ಲ್ಯಾಕ್ ಇರುವುದನ್ನು ಸರಿಸಿ

ಮೊದಲ ವಾರ ಆಸ್ಪತ್ರೆಯ 24 ಗಂಟೆ ಹಾಗೇ ಇರಲಿ. ಉಳಿದ ಆರು ಗಂಟೆ ಶಾಲೆಗೆ. ಎರಡನೇ ವಾರ ಶಾಲೆಯ ಮಿಕ್ಕ ಆರು, ಆಸ್ಪತ್ರೆ ಡ್ರಾಯಿಂಗ್ ಪರಿಶೀಲನೆಯಾಗಿ ವಾಪಸ್ ಬಂದಾಗ ತಿದ್ದಲು ಎಂಟು, ಅಪಾರ್ಟ್‌ಮೆಂಟ್‌ಗೆ 16. ಮೂರನೇ ವಾರದ ಸೋಮವಾರ ಅಪಾರ್ಟ್‌ಮೆಂಟ್‌ನ ಕೊನೆಯ ಎರಡು ಗಂಟೆ. ಯಾವ ವಾರವೂ 30 ದಾಟಲಿಲ್ಲ, ಯಾವ ತಾರೀಖೂ ತಪ್ಪಲಿಲ್ಲ. ಆ ಎಂಟು ಗಂಟೆಯ ತಿದ್ದುಪಡಿಯನ್ನು ಬರೆಯಲು ಮರೆಯುವವರೇ ಹೆಚ್ಚು, ಎರಡನೇ ವಾರದ ಪ್ಲಾನ್ ಮುರಿಯುವುದೂ ಅದರಿಂದಲೇ.

ಶಾಲೆಯ ಕೆಲಸವನ್ನು ಎರಡು ತುಂಡು ಮಾಡಿದ್ದು ಗಮನಿಸಿ. ಬಿಒಕ್ಯೂವನ್ನು ಮಹಡಿ ಲೆಕ್ಕದಲ್ಲಿ ಎಣಿಸುವುದರಿಂದ ಒಂದು ಮಹಡಿ ಮುಗಿಸಿ ನಿಲ್ಲಿಸಬಹುದು. ಲೋಡ್ ಲೆಕ್ಕವನ್ನು ನಡುವೆ ಬಿಟ್ಟು ಎರಡು ದಿನದ ಮೇಲೆ ಹಿಡಿದರೆ ಯಾವ ಫೀಡರ್ ಸೇರಿಸಿದೆ, ಯಾವುದು ಬಿಟ್ಟೆ ಎಂದು ಮೊದಲಿಂದ ನೋಡಬೇಕು. ಮೂರು ಕಡೆಯವರನ್ನೂ ಸಮಾಧಾನಪಡಿಸಲು ದಿನಕ್ಕೆ ಎರಡೆರಡು ಗಂಟೆ ಹಂಚುವುದಂತೂ ಅತಿ ಕೆಟ್ಟ ದಾರಿ: ಮೂರೂ ಎರಡನೇ ವಾರಕ್ಕೆ ಎಳೆದಾಡುತ್ತವೆ, ತುರ್ತಿದ್ದ ಆಸ್ಪತ್ರೆಯೂ ಸೇರಿದಂತೆ.

5. ಸರಿಸಿದರೂ ಹಿಡಿಸದಿದ್ದರೆ

ಆಗ ಉಳಿಯುವುದು ಮೂರೇ: ಒಂದು ತಾರೀಖು ಮುಂದೆ ಹಾಕುವುದು, ತುಂಡು ಮಾಡಬಹುದಾದ ಕೆಲಸವನ್ನು ಬೇರೆಯವರಿಗೆ ಕೊಡುವುದು, ಕೆಲಸವನ್ನೇ ಚಿಕ್ಕದು ಮಾಡುವುದು. ಇದನ್ನು ಎಂಜಿನಿಯರ್ ತಲೆಗೆ ಕಟ್ಟಬೇಡಿ. ಮೂವರು ಮ್ಯಾನೇಜರ್‌ಗಳಿಗೂ ಮೇಲಿರುವ ಒಬ್ಬರು ಶೀಟ್ ನೋಡಿ ತೀರ್ಮಾನಿಸಬೇಕು, ಅದೂ ಆ ವಾರ ಶುರುವಾಗುವ ಮೊದಲೇ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಳಸುವವರಿಗೆ

Resource Pool ಮೂಲಕ ಫೈಲ್‌ಗಳನ್ನು ಜೋಡಿಸಿದರೆ ಡಿಕ್ಕಿಯಾದ ಹೆಸರು ಕೆಂಪಾಗಿ ಕಾಣುತ್ತದೆ. ಕಂಡ ಕೂಡಲೇ Level All ಒತ್ತಬೇಡಿ. ಮೊದಲು Leveling Options ತೆರೆದು Level only within available slack ಎಂಬುದಕ್ಕೆ ಟಿಕ್ ಹಾಕಿ. ಅದಿಲ್ಲದಿದ್ದರೆ ಕೆಲಸ ಹಿಡಿಸಲೆಂದು Level All ಪ್ರಾಜೆಕ್ಟ್ ಮುಗಿಯುವ ತಾರೀಖನ್ನೇ ತಳ್ಳಿಬಿಡಬಹುದು. ಆದ್ಯತೆಯನ್ನು 0 ಇಂದ 1000 ರವರೆಗೆ ಕೊಡಬಹುದು, ತಾನಾಗಿ ಇರುವುದು 500. 1000 ಕೊಟ್ಟ ಕೆಲಸವನ್ನು ಅದು ಮುಟ್ಟುವುದಿಲ್ಲ. ಎಲ್ಲರೂ ತಮ್ಮ ಕೆಲಸಕ್ಕೆ 1000 ಕೊಟ್ಟುಕೊಂಡರೆ ಸರಿಸಲು ಏನೂ ಉಳಿಯುವುದಿಲ್ಲವಾದ್ದರಿಂದ ಆ ಸಂಖ್ಯೆ ಹಾಕುವ ಅಧಿಕಾರ ಒಬ್ಬರ ಕೈಯಲ್ಲೇ ಇರಲಿ. ಫಲಿತಾಂಶ ಸರಿ ಕಾಣದಿದ್ದರೆ Clear Leveling ಒತ್ತಿ ಹಿಂದಕ್ಕೆ ಹೋಗಬಹುದು. ಟಿಕ್ ಹಾಕಿ Level All ಒತ್ತಿದ ಮೇಲೂ ಕೆಂಪು ಹೋಗದಿದ್ದರೆ ಸ್ಲ್ಯಾಕ್ ಸಾಲದು ಎಂದರ್ಥ, ಐದನೇ ಹಂತಕ್ಕೆ ಹೋಗಿ.