“ಏನ್ ಹೇಳ್ಲಿ?” ಅಂತ ಗ್ರೂಪ್ ಚಾಟಿನ ಸ್ಕ್ರೀನ್‌ಶಾಟ್ ಬಂದಾಗ ಉತ್ತರ ಬರೆದುಕೊಡುವುದು ಹೇಗೆ?

ಒಂದು ಸ್ಕ್ರೀನ್‌ಶಾಟ್, ಅದರ ಕೆಳಗೆ “ಏನ್ ಹೇಳ್ಲಿ?” ಎಂಬ ಎರಡೇ ಪದ. ಗೆಳೆಯರಿಂದಲೋ ತಮ್ಮನಿಂದಲೋ ಇಂಥದ್ದು ಬಂದಾಗ ಹೆಚ್ಚಿನವರು ಚಿತ್ರದ ಕೊನೆಯ ಸಾಲು ಓದಿ ಅದಕ್ಕೊಂದು ಉತ್ತರ ಹೇಳಿಬಿಡುತ್ತಾರೆ. ಇನ್ನು ಕೆಲವರು “ಏನಾಯ್ತು? ಇವರೆಲ್ಲ ಯಾರು? ನಿನಗೇನು ಅನ್ಸುತ್ತೆ?” ಎಂದು ಪ್ರಶ್ನೆಗಳ ಸುರಿಮಳೆ ಸುರಿಸುತ್ತಾರೆ. ಕೊನೆಯ ಸಾಲಿಗೇ ಉತ್ತರ ಕೊಟ್ಟರೆ ಎಷ್ಟೋ ಸಲ ಅದು ಗ್ರೂಪಿನಲ್ಲಿ ಪ್ರಶ್ನೆ ಕೇಳಿದವರನ್ನು ಬಿಟ್ಟು ಬೇರೆ ಯಾರಿಗೋ ಹೋಗುತ್ತದೆ. ಪ್ರಶ್ನೆ ಕೇಳುತ್ತ ಹೋದರೆ, ತೋಚದೆ ಎರಡೇ ಪದ ಬರೆದವರ ತಲೆಯ ಮೇಲೆ ಮತ್ತಷ್ಟು ಕೆಲಸ ಹೇರಿದಂತಾಗುತ್ತದೆ. ಕೇಳಬೇಕೆನಿಸುವ ಬಹುಪಾಲು ಸಂಗತಿ ಆ ಚಿತ್ರದಲ್ಲೇ ಇರುತ್ತದೆ. ಇಲ್ಲದಿರುವುದು ಸಾಮಾನ್ಯವಾಗಿ ಒಂದೇ: ಕಳಿಸಿದವರ ಮನಸ್ಸಿನಲ್ಲಿರುವ ತೀರ್ಮಾನ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ವಾಟ್ಸ್ಆ್ಯಪ್ ಗ್ರೂಪ್, ಪ್ರವಾಸದ ಮಾತು. ಸ್ಕ್ರೀನ್‌ಶಾಟಿನಲ್ಲಿ ಇಷ್ಟು ಕಾಣುತ್ತದೆ:

ರವಿ (ಎಡಗಡೆ, 8:12): ಎಲ್ರಿಗೂ 14ನೇ ತಾರೀಖು ಓಕೆ ತಾನೇ? ನಾಳೆ ಬೆಳಿಗ್ಗೆ ರೂಮ್ ಬುಕ್ ಮಾಡ್ತೀನಿ
ಸುಧಕ್ಕ (ಎಡಗಡೆ, 8:15): ನಂಗೆ ಓಕೆ
ಹೆಸರಿಲ್ಲದ ಹಸಿರು ಗುಳ್ಳೆ (ಬಲಗಡೆ, 8:16): ನೋಡಿ ಹೇಳ್ತೀನಿ
ಮಹೇಶ (ಎಡಗಡೆ, 8:40): ನಾನೂ ರೆಡಿ
ರವಿ (ಎಡಗಡೆ, 9:02): ಹೇಳೋ, ಬರ್ತೀಯೋ ಇಲ್ವೋ?
ಸುಧಕ್ಕ (ಎಡಗಡೆ, 9:05, “ನೋಡಿ ಹೇಳ್ತೀನಿ” ಸಾಲನ್ನು ಕೋಟ್ ಮಾಡಿ): ಇವಂದು ಯಾವಾಗ್ಲೂ ಇದೇ ಕಥೆ 😂
ಮಹೇಶ (ಎಡಗಡೆ, 9:06): 😂😂

ಪರದೆಯ ಮೇಲ್ತುದಿಯಲ್ಲಿ ಫೋನಿನ ಗಡಿಯಾರ 10:52 ತೋರಿಸುತ್ತಿದೆ.

ಮೊದಲು ಕಳಿಸಿದವರು ಯಾರೆಂದು ಗುರುತಿಸಿ

ಸ್ಕ್ರೀನ್‌ಶಾಟ್ ಯಾರ ಫೋನಿನದೋ ಅವರ ಸಂದೇಶಗಳು ಬಲಗಡೆ ಇರುತ್ತವೆ, ಅವುಗಳ ಮೇಲೆ ಹೆಸರಿರುವುದಿಲ್ಲ. ಉಳಿದವರದ್ದು ಎಡಗಡೆ, ಹೆಸರಿನ ಸಮೇತ. ಇದು ಗೊತ್ತಿದ್ದೂ ಅವಸರದಲ್ಲಿ ತಪ್ಪುವವರಿದ್ದಾರೆ. ಸುಧಕ್ಕನ ಮಾತನ್ನು ಕಳಿಸಿದವರ ಮಾತೆಂದು ಓದಿಕೊಂಡರೆ ಮುಂದಿನದೆಲ್ಲ ತಲೆಕೆಳಗು.

ಬಲಗಡೆ ಒಂದೂ ಗುಳ್ಳೆ ಇಲ್ಲದಿದ್ದರೆ, ಕಳಿಸಿದವರು ಆ ಭಾಗದಲ್ಲಿ ಮಾತಾಡಿಲ್ಲ ಎಂದರ್ಥ. ಎಡಗಡೆ ಇರುವವರಲ್ಲೇ ಯಾರೋ ಒಬ್ಬರು ಅವರಿರಬೇಕೆಂದು ಊಹಿಸಬೇಡಿ. ಆಗ ಕೋಟ್ ಮಾಡಿದ ಸಂದೇಶಗಳನ್ನು ನೋಡಿ. ಯಾರಾದರೂ ಕಳಿಸಿದವರ ಹಳೆಯ ಮಾತನ್ನು ಕೋಟ್ ಮಾಡಿದ್ದರೆ ಆ ಚಿಕ್ಕ ಚೌಕದಲ್ಲಿ ಹೆಸರಿನ ಜಾಗದಲ್ಲಿ “ನೀವು” ಎಂದಿರುತ್ತದೆ. ಕಂಪ್ಯೂಟರಿನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಆಗಿದ್ದರೆ ಎಚ್ಚರ. ಕೆಲವು ಆ್ಯಪ್‌ಗಳು ಅಗಲದ ಕಿಟಕಿಯಲ್ಲಿ ಎಲ್ಲರ ಮಾತನ್ನೂ ಎಡಗಡೆಗೇ ತಳ್ಳುತ್ತವೆ. ಅಲ್ಲಿ “ಇದರಲ್ಲಿ ನಿನ್ನ ಮೆಸೇಜ್ ಯಾವುದು?” ಎಂದು ಕೇಳುವುದೇ ಸರಿ.

ಹೆಸರುಗಳೂ ಮಾತಾಡುತ್ತವೆ. ಎಡಗಡೆ ಕಾಣುವುದು ಕಳಿಸಿದವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರು. “ಸುಧಕ್ಕ” ಎಂದು ಸೇವ್ ಆಗಿದೆ, ಅಂದರೆ ಹಿರಿಯರು, ಸಲುಗೆಯೂ ಇದೆ. ರವಿ “ಹೇಳೋ” ಎನ್ನುತ್ತಾನೆ, ಅಂದರೆ ಓರಗೆಯ ಗೆಳೆಯ, ಏಕವಚನದ ಸ್ನೇಹ. ಹೆಸರಿನ ಮೊದಲು ~ ಗುರುತು ಇದ್ದರೆ ಆ ನಂಬರ್ ಸೇವ್ ಆಗಿಲ್ಲ, ಹೆಸರು ಅವರೇ ಇಟ್ಟುಕೊಂಡದ್ದು. ಅಷ್ಟಾಗಿ ಪರಿಚಯವಿಲ್ಲದವರಿರಬಹುದು, ಹಾಗಾಗಿ “ನೀವು” ಎಂದೇ ಬರೆಯಿರಿ.

ಬಾಕಿ ಉಳಿದ ಪ್ರಶ್ನೆ ಯಾವುದು?

ಇಡೀ ಕೆಲಸದ ಕೀಲಿ ಇಲ್ಲಿದೆ. ಗ್ರೂಪಿನಲ್ಲಿ ಕೊನೆಯ ಸಂದೇಶವೇ ಉತ್ತರ ಬಯಸುವ ಸಂದೇಶ ಆಗಿರಬೇಕಿಲ್ಲ. ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದು, ಕಳಿಸಿದವರನ್ನು ಉದ್ದೇಶಿಸಿದ, ಅವರು ಇನ್ನೂ ಉತ್ತರಿಸದ ಮಾತು ಎಲ್ಲಿದೆ ಎಂದು ಹುಡುಕಬೇಕು.

ನಮ್ಮ ಉದಾಹರಣೆಯಲ್ಲಿ ಕೊನೆಗೆ ಇರುವುದು ನಗು. ಅದರ ಮೇಲಿನದು ಸುಧಕ್ಕನ ಛೇಡಿಕೆ. ಎರಡೂ ಏನನ್ನೂ ಕೇಳುತ್ತಿಲ್ಲ. ಕೇಳಿರುವುದು 9:02ರಲ್ಲಿ ರವಿ, ಅದೂ 8:12ರ ಪ್ರಶ್ನೆಯನ್ನೇ ಮತ್ತೊಮ್ಮೆ. ಅದಕ್ಕೆ ಗಡುವೂ ಇದೆ: ನಾಳೆ ಬೆಳಿಗ್ಗೆ ಬುಕಿಂಗ್. ಈಗ ರಾತ್ರಿ 10:52. ಅಂದರೆ ಕೇಳಿ ಸುಮಾರು ಎರಡು ಗಂಟೆಯಾಗಿದೆ, ಇವತ್ತೇ ಹೇಳಬೇಕು.

ಆದರೆ ಕಳಿಸಿದವನು ತಡಬಡಾಯಿಸುತ್ತಿರುವುದು ರವಿಯ ಪ್ರಶ್ನೆಗಲ್ಲ. ಬರುತ್ತೇನೆ, ಬರುವುದಿಲ್ಲ ಎನ್ನಲು ಯಾರ ಸಹಾಯವೂ ಬೇಕಿಲ್ಲ. ಎಲ್ಲರೂ ನಕ್ಕ ಮೇಲೆ ಹೇಗೆ ಬಾಯಿ ಬಿಡುವುದು ಎಂಬುದೇ ಅವನ ತೊಡಕು. ಹಾಗಾಗಿ ನೀವು ಬರೆದುಕೊಡುವ ಉತ್ತರ ರವಿಗೆ ಸ್ಪಷ್ಟವಾಗಿರಬೇಕು, ಛೇಡಿಕೆಯನ್ನು ನಾಲ್ಕೈದು ಪದದಲ್ಲಿ ದಾಟಿ ಮುಂದೆ ಹೋಗಬೇಕು. ಛೇಡಿಕೆಗೆ ಉದ್ದನೆಯ ಸಮಜಾಯಿಷಿ ಕೊಟ್ಟರೆ, ನಗುವಿನಲ್ಲೇ ಮುಗಿಯಬಹುದಾಗಿದ್ದ ಮಾತು ಜಗಳದ ಬಣ್ಣ ಪಡೆಯುತ್ತದೆ.

ಚಿತ್ರದ ಅಂಚುಗಳನ್ನು ನೋಡಿ

ಕೆಳಗೆ ಬಲಮೂಲೆಯಲ್ಲಿ ಕೆಳಮುಖ ಬಾಣದ ಗುಂಡು ಗುರುತು ಇದೆಯೇ? ಇದ್ದರೆ ಚಾಟ್ ಅಲ್ಲಿಗೆ ಮುಗಿದಿಲ್ಲ, ಕೆಳಗೆ ಇನ್ನೂ ಸಂದೇಶಗಳಿವೆ. ಅದರ ಮೇಲೆ ಸಂಖ್ಯೆ ಇದ್ದರೆ ಅಷ್ಟು ಸಂದೇಶ ಓದಿಲ್ಲವೆಂದೇ ಅರ್ಥ. ಆಗ ಉತ್ತರ ಬರೆಯಲು ಹೋಗಬೇಡಿ, “ಕೆಳಗಿನದ್ದೂ ಕಳಿಸು” ಎನ್ನಿ. ಅಷ್ಟರಲ್ಲಿ ರವಿ ತಾರೀಖನ್ನೇ ಬದಲಿಸಿರಬಹುದು.

ಟೈಪ್ ಮಾಡುವ ಜಾಗದಲ್ಲಿ ಅರ್ಧ ಬರೆದು ಬಿಟ್ಟ ಸಾಲು ಉಳಿದಿರುವುದುಂಟು. “ಸಾರಿ ರವಿ ಈ ಸಲ” ಎಂದಿದ್ದರೆ ತೀರ್ಮಾನ ಅಲ್ಲೇ ಸಿಕ್ಕಿತು. ಅವನಿಗೆ ಬೇಕಿರುವುದು ಮುಂದಿನ ಪದಗಳು ಮಾತ್ರ.

ಅಳಿಸಿದ ಸಂದೇಶದ ಗುರುತು ಕಂಡರೆ ಅದರಲ್ಲಿ ಏನಿತ್ತೆಂದು ಊಹಿಸಿ ಉತ್ತರ ಕಟ್ಟಬೇಡಿ. ಉದ್ದ ಸಂದೇಶ “ಇನ್ನಷ್ಟು ಓದಿ” ಎಂದು ನಿಂತಿದ್ದರೆ ಪೂರ್ತಿ ತೆರೆದು ಕಳಿಸಲು ಹೇಳಿ. ಮುಖ್ಯ ಮಾತು ಎಷ್ಟೋ ಸಲ ಕೊನೆಯಲ್ಲೇ ಇರುತ್ತದೆ.

ಕೇಳುವುದಾದರೆ ಒಂದೇ ಪ್ರಶ್ನೆ, ಅದೂ ಉತ್ತರದ ಜೊತೆಗೇ

ಇಲ್ಲಿ ನಮಗೆ ಗೊತ್ತಿಲ್ಲದ್ದು ಅವನು ಹೋಗುತ್ತಾನೋ ಇಲ್ಲವೋ ಎಂಬುದಷ್ಟೆ. ಅದನ್ನು ಕೇಳಿ ಉತ್ತರಕ್ಕೆ ಕಾಯುವ ಬದಲು ಮೂರು ದಾರಿಗೂ ಒಂದೊಂದು ಸಾಲು ಬರೆದುಕೊಡಿ. ಅವನು ತನ್ನದನ್ನು ಆರಿಸಿಕೊಳ್ಳುತ್ತಾನೆ.

ಹೋಗುವುದಾದರೆ: “ಬರ್ತೀನಿ ರವಿ, ನನ್ನನ್ನೂ ಸೇರಿಸ್ಕೊಂಡು ಬುಕ್ ಮಾಡು. ಸುಧಕ್ಕ, ಈ ಸಲ ಕಥೆ ಬದಲಾಯ್ತು 😄”

ಹೋಗದಿದ್ದರೆ: “ರವಿ, 14ಕ್ಕೆ ನನಗೆ ಆಗಲ್ಲ ಕಣೋ. ನನ್ನನ್ನು ಬಿಟ್ಟು ಬುಕ್ ಮಾಡು. ತಡವಾಗಿ ಹೇಳಿದ್ದಕ್ಕೆ ಸಾರಿ.”

ಇನ್ನೂ ಗೊತ್ತಿಲ್ಲದಿದ್ದರೆ: “ರವಿ, ಬೆಳಿಗ್ಗೆ 8ರೊಳಗೆ ಹೇಳ್ತೀನಿ. ಅಷ್ಟರಲ್ಲಿ ನನ್ನ ಮೆಸೇಜ್ ಬರ್ಲಿಲ್ಲ ಅಂದ್ರೆ ನನ್ನನ್ನು ಬಿಟ್ಟು ಬುಕ್ ಮಾಡು.”

ಮೂರನೆಯದನ್ನು ಗಮನಿಸಿ. “ನೋಡಿ ಹೇಳ್ತೀನಿ” ಎಂದದ್ದಕ್ಕೇ ನಗೆಪಾಟಲಾದವನು ಮತ್ತೆ ಸಮಯ ಕೇಳುವಾಗ ಗಡುವು ಹೇಳಲೇಬೇಕು. ಗಡುವು ಮೀರಿದರೆ ಏನು ಮಾಡಬೇಕೆಂದೂ ಅವನೇ ಹೇಳಿದರೆ ರವಿಯ ಕೈ ಕಟ್ಟಿಹಾಕಿದಂತಾಗುವುದಿಲ್ಲ. ಎರಡನೆಯದರಲ್ಲಿ ಕಾರಣ ಬರೆದಿಲ್ಲ. ಕಾರಣ ನಮಗೆ ಗೊತ್ತಿಲ್ಲ, ಗೊತ್ತಿಲ್ಲದ ಕಾರಣವನ್ನು ಅವನ ಬಾಯಿಗೆ ಹಾಕಿದರೆ ನಾಳೆ “ಹುಷಾರಾದ್ಯಾ?” ಎಂದು ಯಾರೋ ಕೇಳಿದಾಗ ಪೇಚಾಡುವವನು ಅವನೇ. ನಗು ಕೂಡ ಒಪ್ಪಿಕೊಂಡ ಉತ್ತರಕ್ಕೆ ಮಾತ್ರ ಹೊಂದುತ್ತದೆ. ಆಗಲ್ಲ ಎಂದ ಮೇಲೆ ನಗೆಚಟಾಕಿ ಹಾರಿಸಿದರೆ ಉಳಿದವರಿಗೆ ಉಡಾಫೆ ಅನಿಸುತ್ತದೆ.

ಅವನ ದನಿಯಲ್ಲೇ ಬರೆಯಿರಿ

ಬಲಗಡೆಯ ಗುಳ್ಳೆಗಳು ಅವನು ಹೇಗೆ ಬರೆಯುತ್ತಾನೆಂದು ತೋರಿಸುತ್ತವೆ. ಎರಡು ಪದದಲ್ಲಿ ಮುಗಿಸುವವನಿಗೆ ಐದು ಸಾಲಿನ ಉತ್ತರ ಕೊಟ್ಟರೆ ಗ್ರೂಪಿನವರಿಗೆ ಓದುತ್ತಿದ್ದಂತೆ ಅನುಮಾನ ಬರುತ್ತದೆ. ಅವನು ಪೂರ್ಣವಿರಾಮ ಹಾಕದಿದ್ದರೆ ತೆಗೆದುಬಿಡಿ, ಎಮೋಜಿ ಬಳಸದವನಾದರೆ ಅದನ್ನೂ ತೆಗೆಯಿರಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವನಾಗಿದ್ದರೆ ನೀವೂ ಹಾಗೇ ಬರೆದುಕೊಡಿ, ಕಾಪಿ ಮಾಡಿ ಅಂಟಿಸಿದರೆ ಸಾಕಾಗುವಂತೆ. ಉತ್ತರವನ್ನು ವಿವರಣೆಯ ಜೊತೆ ಬೆರೆಸದೆ ಬೇರೆ ಸಂದೇಶವಾಗಿ ಕಳಿಸಿ. ಇಲ್ಲದಿದ್ದರೆ “ಹೀಗೆ ಹೇಳು” ಎಂಬುದೂ ಸೇರಿ ಗ್ರೂಪಿಗೆ ಹೋಗುವುದು ಆಗುತ್ತಲೇ ಇರುತ್ತದೆ. ಹಾಗೇನಾದರೂ ಆದರೆ ವಾಟ್ಸ್ಆ್ಯಪ್‌ನಲ್ಲಿ 15 ನಿಮಿಷದೊಳಗೆ ಎಡಿಟ್ ಮಾಡಬಹುದು.

ಗ್ರೂಪಿನಲ್ಲೋ, ಖಾಸಗಿಯಾಗೋ?

ರವಿ ಎಲ್ಲರ ಮುಂದೆ ಕೇಳಿದ್ದಾನೆ, ಉತ್ತರದ ಮೇಲೆ ಎಲ್ಲರ ಬುಕಿಂಗ್ ನಿಂತಿದೆ. ಹಾಗಾಗಿ ಉತ್ತರವೂ ಗ್ರೂಪಿನಲ್ಲೇ ಇರಲಿ. ರವಿಯ 9:02ರ ಸಂದೇಶವನ್ನು ಕೋಟ್ ಮಾಡಿ ಕಳಿಸಲು ಹೇಳಿ. ನಡುವೆ ನಗು, ಛೇಡಿಕೆ ಬಂದಿರುವುದರಿಂದ ಕೋಟ್ ಇಲ್ಲದ “ಬರ್ತೀನಿ” ಯಾವುದಕ್ಕೆ ಹೇಳಿದ್ದೆಂದು ತಿಳಿಯದೆ ಹೋಗಬಹುದು.

ಸುಧಕ್ಕನ ಮಾತು ನಿಜಕ್ಕೂ ಅವನಿಗೆ ನೋವಾಗಿದ್ದರೆ ಅದು ಬೇರೆ ವಿಷಯ. ಅದನ್ನು ಗ್ರೂಪಿನಲ್ಲಿ ಎತ್ತಿದರೆ ನಕ್ಕ ಮಹೇಶನೂ ಪಕ್ಷ ಹಿಡಿಯಬೇಕಾಗುತ್ತದೆ. ಸುಧಕ್ಕನ ಸಂದೇಶವನ್ನು ಒತ್ತಿ ಹಿಡಿದರೆ ಸಿಗುವ ಮೆನುವಿನಲ್ಲಿ ಖಾಸಗಿಯಾಗಿ ಉತ್ತರಿಸುವ ಆಯ್ಕೆ ಇದೆ. ಆ ಮಾತು ಕೋಟ್ ಆಗಿಯೇ ಅವರೊಬ್ಬರ ಚಾಟಿಗೆ ಹೋಗುತ್ತದೆ. “ಅಕ್ಕ, ಎಲ್ಲರ ಮುಂದೆ ಹಾಗಂದಿದ್ದು ಬೇಜಾರಾಯ್ತು” ಎಂಬಷ್ಟು ಸಾಕು. ಆದರೆ ನೋವಾಗಿದೆಯೆಂದು ನೀವಾಗಿಯೇ ತೀರ್ಮಾನಿಸಬೇಡಿ. ಎರಡು ಪದದ ಪ್ರಶ್ನೆಯಿಂದ ಅದು ತಿಳಿಯುವುದಿಲ್ಲ. ಮೂರು ಉತ್ತರ ಕೊಟ್ಟ ಮೇಲೆ “ಸುಧಕ್ಕ ಅಂದಿದ್ದು ಬೇಜಾರಾಯ್ತಾ?” ಎಂದು ಕೇಳಿ ಬಿಡಿ. ಇಲ್ಲ ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು.

ಆ ಸ್ಕ್ರೀನ್‌ಶಾಟಿನಲ್ಲಿ ಉಳಿದ ಮೂವರ ಮಾತುಗಳೂ ಇವೆ, ಅವರಾರೂ ನಿಮಗೆ ಅದನ್ನು ತೋರಿಸಲು ಒಪ್ಪಿದವರಲ್ಲ. ಬೇರೆಯವರಿಗೆ ಫಾರ್ವರ್ಡ್ ಮಾಡಬೇಡಿ. ಉತ್ತರ ಕಳಿಸಿದ ಮೇಲೆ ನಿಮ್ಮ ಗ್ಯಾಲರಿಯಿಂದಲೂ ಅಳಿಸಿ.